ದಾನಿಗಳಿಗೆ ಧನ್ಯವಾದ ಪತ್ರ: ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಕರಡು ನೋಡಿ ತಿದ್ದಿಕೊಡುವಿರಾ?

ತುಂಗಭದ್ರಾ_ದಂಡೆ
ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ, ಊರು ಸಿಂಧನೂರು ತಾಲ್ಲೂಕು. ಒಂದು ಟ್ರಸ್ಟ್ ಮೂಲಕ 45,000 ರೂಪಾಯಿ ವಿದ್ಯಾರ್ಥಿವೇತನ ಬಂದಿದೆ. ಕೊಟ್ಟವರು ತುಮಕೂರು ಕಡೆಯವರು, ಈಗ ಅಮೆರಿಕದಲ್ಲಿದ್ದಾರೆ. ತಮ್ಮ ತಾಯಿಯ ಹೆಸರಿನಲ್ಲಿ ಕೊಡುತ್ತಾರೆ. ಅವರು ಕನ್ನಡ ಓದುತ್ತಾರೆ, ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲವಂತೆ. ಅದಕ್ಕೇ ಟ್ರಸ್ಟ್‌ನವರು ಕನ್ನಡದಲ್ಲಿ ಒಂದು ಪುಟ, ಇಂಗ್ಲಿಷಿನಲ್ಲಿ ಒಂದು ಪುಟ ಕೇಳಿದ್ದಾರೆ. ಹತ್ತು ದಿನ ಸಮಯ ಇದೆ. ಕನ್ನಡದ ಕರಡು ಹೀಗಿದೆ:

«ಪೂಜ್ಯ ದಾನಿಗಳ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕಡುಬಡ ಕುಟುಂಬದಿಂದ ಬಂದವಳು. ತಂದೆ ತೀರಿಕೊಂಡಿದ್ದಾರೆ. ತಾಯಿ ಕೂಲಿ ಮಾಡುತ್ತಾರೆ. ತಾವು ದೇವರಂತೆ ಬಂದು ನನ್ನ ಬಾಳಿಗೆ ಬೆಳಕಾದಿರಿ. ತಾವು ನೀಡಿದ ಸಹಾಯಧನದಿಂದ ವ್ಯಾಸಂಗ ಮುಂದುವರಿಸುತ್ತಿದ್ದೇನೆ. ತಮ್ಮ ಋಣವನ್ನು ಏಳೇಳು ಜನ್ಮಕ್ಕೂ ತೀರಿಸಲಾರೆ. ಮುಂದಿನ ವರ್ಷವೂ ಇದೇ ರೀತಿ ಸಹಾಯ ಮಾಡಬೇಕೆಂದು ಕೋರುತ್ತೇನೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ.»

ಇಂಗ್ಲಿಷಿನದು ಗೆಳತಿ ಮಾಡಿಕೊಟ್ಟಳು. «ರೆಸ್ಪೆಕ್ಟೆಡ್ ಸರ್» ಅಂತ ಶುರುವಾಗಿ, «ಮೈ ಫಾದರ್ ಈಸ್ ಎಕ್ಸ್‌ಪೈರ್ಡ್, ಮೈ ಮದರ್ ಈಸ್ ಡೂಯಿಂಗ್ ಕೂಲಿ, ಯು ಕೇಮ್ ಲೈಕ್ ಎ ಗಾಡ್» ಅಂತ ಹೋಗುತ್ತದೆ. ಏನೋ ಸರಿಯಿಲ್ಲ ಅನ್ನಿಸುತ್ತಿದೆ, ಏನು ಅಂತ ಗೊತ್ತಾಗುತ್ತಿಲ್ಲ.

ನಿವೃತ್ತ_ಹೆಡ್‌ಮಾಸ್ತರ್
ಮಗೂ, ಭಾವನೆ ಚೆನ್ನಾಗಿದೆ, ಪತ್ರದ ರೂಪ ತಪ್ಪಿದೆ. ಎಡಗಡೆ «ಇಂದ», ಅದರ ಕೆಳಗೆ «ಗೆ», ಆಮೇಲೆ «ಮಾನ್ಯರೇ», ನಂತರ «ವಿಷಯ: ವಿದ್ಯಾರ್ಥಿವೇತನಕ್ಕೆ ಕೃತಜ್ಞತೆ ಸಲ್ಲಿಸುವ ಕುರಿತು». ಹತ್ತನೇ ತರಗತಿಯಲ್ಲಿ ಕಲಿಸಿದ್ದು ಇದೇ. ಇಂಗ್ಲಿಷಿನದು ಕನ್ನಡದ ಸಾಲಿಗೆ ಸಾಲು ಹೊಂದಬೇಕು. ಒಂದು ಸಾಲು ಹೆಚ್ಚುಕಮ್ಮಿ ಆದರೂ ಎರಡು ಬೇರೆ ಪತ್ರ ಅಂದುಕೊಳ್ಳುತ್ತಾರೆ. ಆದಾಯ ತೆರಿಗೆಯ 80ಜಿ ವಿನಾಯಿತಿಗೆ ದಾನಿಗಳು ಈ ಪತ್ರವನ್ನೇ ತೋರಿಸಬೇಕಾಗುತ್ತದೆ, ಹಾಗಾಗಿ ಮೊತ್ತವನ್ನು ಅಕ್ಷರದಲ್ಲೂ ಬರೆ.

ಅನುವಾದದಂಗಡಿ
ಮೇಷ್ಟ್ರೇ, «ಇಂದ, ಗೆ, ವಿಷಯ» ಅನ್ನುವುದು ಕಚೇರಿಗೆ ಬರೆಯುವ ಅರ್ಜಿಯ ರೂಪ. ಇದು ಒಬ್ಬ ಮನುಷ್ಯರಿಗೆ ಬರೆಯುವ ಪತ್ರ. ತಾಯಿಯ ನೆನಪಿಗೆ ಹಣ ಕೊಟ್ಟವರ ಕೈಗೆ «ವಿಷಯದನ್ವಯ» ಅಂತ ಶುರುವಾಗುವ ಕಾಗದ ಬಂದರೆ ಬೆಸ್ಕಾಂಗೆ ಕೊಟ್ಟ ಅರ್ಜಿ ದಾರಿ ತಪ್ಪಿ ಬಂದ ಹಾಗಿರುತ್ತದೆ.

ತಂಗಿ, ನಿಮ್ಮ ಕರಡಿನ ನಿಜವಾದ ತೊಂದರೆ ಬೇರೆ. ನಿಮ್ಮ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ಪತ್ರ ಹಾಗೆಯೇ ನಡೆಯುತ್ತದೆ. ನರ್ಸಿಂಗ್ ಅನ್ನುವ ಪದವೇ ಅದರಲ್ಲಿಲ್ಲ. 45,000 ಎಲ್ಲಿಗೆ ಹೋಯಿತು ಅಂತ ಇಲ್ಲ. ದಾನಿ ಓದುವಾಗ ಹುಡುಕುವುದು ಅದನ್ನೇ. ಬಡತನದ ವಿವರ ನಿಮ್ಮ ಅರ್ಜಿಯಲ್ಲಿ ಆಗಲೇ ಓದಿದ್ದಾರೆ, ಆಯ್ಕೆಯೂ ಆಗಿದೆ. ಅದನ್ನೇ ಮತ್ತೆ ಹೇಳಿದರೆ ಇನ್ನೊಮ್ಮೆ ಕೇಳಿದಂತಾಗುತ್ತದೆ.

ಅದಕ್ಕೇ «ಮುಂದಿನ ವರ್ಷವೂ» ಅನ್ನುವ ಸಾಲು ಮೊದಲು ತೆಗೆಯಿರಿ. ನವೀಕರಣಕ್ಕೆ ಟ್ರಸ್ಟ್‌ನಲ್ಲಿ ಬೇರೆ ಅರ್ಜಿ ಇರುತ್ತದೆ. ಥ್ಯಾಂಕ್ಸ್ ಹೇಳುವ ಪತ್ರದ ಕೊನೆಯಲ್ಲಿ ಕೋರಿಕೆ ಬಂದರೆ ಮೇಲಿನದೆಲ್ಲ ಅದಕ್ಕೆ ಪೀಠಿಕೆ ಆಗಿಬಿಡುತ್ತದೆ. «ಸಹಾಯಧನ» ಕೂಡ ಬೇಡ, ಅದು ಹನಿ ನೀರಾವರಿಗೆ, ಟ್ರ್ಯಾಕ್ಟರಿಗೆ ಸರ್ಕಾರ ಕೊಡುವ ಸಬ್ಸಿಡಿಯ ಪದ. «ವಿದ್ಯಾರ್ಥಿವೇತನ» ಅನ್ನಿ.

ಈಗ ನನಗೆ ಎರಡು ವಿಷಯ ತಿಳಿಸಿ. ಹಣ ಯಾವುದಕ್ಕೆ ಎಷ್ಟು ಹೋಯಿತು? ಈ ವರ್ಷ ಕೈಯಾರೆ ಕಲಿತ ಒಂದು ಕೆಲಸ ಯಾವುದು?

ಟ್ರಸ್ಟ್_ಕಡತ
ಇಂಥ ಪತ್ರಗಳನ್ನು ದಾನಿಗಳಿಗೆ ಕಳಿಸುವ ಮೊದಲು ಓದುವ ಕಡೆ ಕೆಲಸ ಮಾಡುತ್ತೇನೆ. ಮೇಷ್ಟ್ರು ಹೇಳಿದ 80ಜಿ ವಿಷಯ ಸರಿಯಲ್ಲ. ಅದಕ್ಕೆ ಬೇಕಾದದ್ದು ಟ್ರಸ್ಟ್ ಕೊಡುವ ಫಾರಂ 10ಬಿಇ ಪ್ರಮಾಣಪತ್ರ. ಟ್ರಸ್ಟ್ ತನ್ನ ದೇಣಿಗೆಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿದ ಮೇಲೆ ಅದು ಸಿಗುತ್ತದೆ. ವಿದ್ಯಾರ್ಥಿಯ ಪತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಪತ್ರ ರಸೀದಿಯ ಧಾಟಿಯಲ್ಲಿ ಇರಬೇಕಿಲ್ಲ, «ತಮ್ಮಿಂದ ಸ್ವೀಕರಿಸಿದ್ದೇನೆ» ಅನ್ನುವ ಒಕ್ಕಣೆಯೂ ಬೇಡ. ಹಣ ಕೊಟ್ಟದ್ದು ಟ್ರಸ್ಟ್, ಟ್ರಸ್ಟಿಗೆ ಕೊಟ್ಟದ್ದು ಅವರು.

ಆದರೆ ಮೇಷ್ಟ್ರ ಇನ್ನೊಂದು ಮಾತು ಅರ್ಧ ನಿಜ. ವಾಕ್ಯಗಳು ಹೊಂದದಿದ್ದರೂ ನಡೆಯುತ್ತದೆ, ಸಂಗತಿಗಳು ಹೊಂದಲೇಬೇಕು. ಕನ್ನಡದಲ್ಲಿ ನಲವತ್ತೈದು ಸಾವಿರ, ಇಂಗ್ಲಿಷಿನಲ್ಲಿ 54,000 ಅಂತ ಇರುವ ಪತ್ರಗಳು ಬರುತ್ತವೆ. ಕನ್ನಡದಲ್ಲಿ ಎರಡನೇ ವರ್ಷ, ಇಂಗ್ಲಿಷಿನಲ್ಲಿ ಸೆಕೆಂಡ್ ಸೆಮಿಸ್ಟರ್ ಅಂತಲೂ ಬರುತ್ತವೆ. ಮೊತ್ತ, ವರ್ಷ, ಕೋರ್ಸು, ಕಾಲೇಜು, ವಿದ್ಯಾರ್ಥಿವೇತನದ ಹೆಸರು, ಈ ಐದನ್ನು ಎರಡೂ ಪುಟದಲ್ಲಿ ಬೆರಳಿಟ್ಟು ತಾಳೆ ನೋಡಿ.

ಹೆಸರಿನ ಕಾಗುಣಿತ ಎಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ «ಶ್ರೀನಿವಾಸ» ಒಂದೇ. ಇಂಗ್ಲಿಷಿನಲ್ಲಿ ಎಚ್ ಇರಬಹುದು, ಇಲ್ಲದಿರಬಹುದು, ಒಂದು ಐ ಅಥವಾ ಎರಡು ಇ ಇರಬಹುದು, ಕೊನೆಗೆ ಎ ಇರಬಹುದು. ತೀರಿಕೊಂಡ ತಾಯಿಯ ಹೆಸರನ್ನು ಊಹೆಯ ಮೇಲೆ ಬರೆಯಬೇಡಿ. ಆಯ್ಕೆ ಪತ್ರದಲ್ಲಿ ಹೇಗಿದೆಯೋ ಹಾಗೇ ನಕಲು ಮಾಡಿ.

ಮತ್ತೆ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ಪತ್ರದಲ್ಲಿ ಬೇಡ. ಪತ್ರ ಟ್ರಸ್ಟ್ ಮೂಲಕವೇ ಹೋಗುತ್ತದೆ. ಉತ್ತರ ಬಂದರೆ ಅದೂ ಹಾಗೇ ಬರುತ್ತದೆ.

ಜ್ವಾಳದ_ರೊಟ್ಟಿ
ತಂಗೀ, ಇಂಗ್ಲಿಷಿನ್ಯಾಗ «ಕೂಲಿ» ಅಂತ ಮಾತ್ರ ಬರೀಬ್ಯಾಡವಾ. ನಮಗ ಕೂಲಿ ಅಂದ್ರ ದುಡಿದಿದ್ದಕ್ಕ ಸಿಗೋ ಪಗಾರ, ಅದರಾಗ ತಪ್ಪೇನಿಲ್ಲ. ಇಂಗ್ಲಿಷಿಗೆ ಹೋದ ಮ್ಯಾಲೆ ಅದು ಬೈಗುಳ ಆಗೇದ. ಬ್ರಿಟಿಷರ ಕಾಲದಾಗ ದಕ್ಷಿಣ ಆಫ್ರಿಕಾ, ಕೆರಿಬಿಯನ್ ಕಡೆ ಕರಕೊಂಡು ಹೋದ ನಮ್ಮ ಮಂದಿಗೆ ಹಂಗ ಕರೀತಿದ್ರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಓದಿದ್ರ, ಹೆತ್ತವ್ವಗ ಈಕಿ ಹಿಂಗ್ಯಾಕ ಅಂದಾಳ ಅಂತ ಗಾಬರಿ ಆಗ್ತಾರ. «ಮೈ ಮದರ್ ವರ್ಕ್ಸ್ ಆನ್ ಫಾರ್ಮ್ಸ್ ಫಾರ್ ಡೇಲಿ ವೇಜಸ್» ಅಂದ್ರ ಸಾಕು. ಭತ್ತದ ಗದ್ದಿ ಕೆಲಸ ಆದ್ರ ಪ್ಯಾಡಿ ಫೀಲ್ಡ್ಸ್ ಅಂತನ ಬರಿ, ಕಣ್ಣಿಗೆ ಕಟ್ಟತದ.

«ಎಕ್ಸ್‌ಪೈರ್ಡ್» ನಮ್ಮ ಕಡೆ ಎಲ್ಲಾರೂ ಅಂತಾರ. ಅವರ ಕಡೆ ಹಾಲಿನ ಪಾಕೀಟು, ಪಾಸ್‌ಪೋರ್ಟು ಎಕ್ಸ್‌ಪೈರ್ ಆಗತಾವ. ಮನುಷ್ಯಾರಿಗೆ «ಪಾಸ್ಡ್ ಅವೇ» ಅಥವಾ ಸೀದಾ «ಡೈಡ್».

ಬಿಕಾಂ_ಫೈನಲ್
ನಂದೂ ಒಂದು ಡೌಟ್. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ ಮಂಜೂರಾಗಿದೆ ಅಂತ ತೋರಿಸ್ತಿದೆ, ಹಣ ಬಂದಿಲ್ಲ. ಧನ್ಯವಾದ ಪತ್ರ ಬರೆದರೆ ಬೇಗ ಬರುತ್ತಾ? ಯಾರಿಗೆ ಬರೀಬೇಕು?

ಟ್ರಸ್ಟ್_ಕಡತ
ಅದು ಸರ್ಕಾರದ ವಿದ್ಯಾರ್ಥಿವೇತನ, ಪತ್ರ ಯಾರಿಗೂ ಬೇಕಿಲ್ಲ. ಮಂಜೂರಾಗಿಯೂ ಹಣ ಬರದಿದ್ದರೆ ನಿಮ್ಮ ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ ಅಂತ ಕೇಳಿ. ಆಧಾರ್ ಬರೀ ಲಿಂಕ್ ಆಗಿದ್ದರೆ ಸಾಲದು, ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಹೋಗಬೇಕೆಂದು ತೋರಿಸುವ ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ ಆ ಖಾತೆಯೇ ಇರಬೇಕು. ಇದಕ್ಕೆ ಬೇರೆ ಎಳೆ ತೆಗೆಯಿರಿ.

ತುಂಗಭದ್ರಾ_ದಂಡೆ
ಅನುವಾದದಂಗಡಿ ಅಕ್ಕ, ಲೆಕ್ಕ ಇಲ್ಲಿದೆ. ಕಾಲೇಜು ಶುಲ್ಕ 28,000, ಹಾಸ್ಟೆಲ್ 12,000, ಪುಸ್ತಕ ಮತ್ತು ಯೂನಿಫಾರ್ಮ್ 5,000. ಕಲಿತ ಕೆಲಸ ಅಂದರೆ ಡ್ರಿಪ್ ಹನಿ ಎಣಿಸುವುದು. 500 ಮಿಲಿ ಬಾಟಲಿ ನಾಲ್ಕು ಗಂಟೆಯಲ್ಲಿ ಮುಗಿಯಬೇಕು ಅಂದರೆ, ಒಂದು ಮಿಲಿಗೆ 20 ಹನಿ ಬೀಳುವ ಸೆಟ್ ಇದ್ದಾಗ ನಿಮಿಷಕ್ಕೆ 42 ಹನಿ ಇಡಬೇಕು. ಗಡಿಯಾರ ನೋಡಿಕೊಂಡು ಎಣಿಸಿ, ಡ್ರಿಪ್ ಕೊಳವೆಯ ಮೇಲಿನ ಗಾಲಿ ತಿರುಗಿಸಿ ಸರಿಮಾಡುವುದು. ಇದನ್ನೆಲ್ಲ ಪತ್ರದಲ್ಲಿ ಬರೆಯುತ್ತಾರಾ? ಸಣ್ಣ ವಿಷಯ ಅಲ್ಲವಾ?

ಅನುವಾದದಂಗಡಿ
ಅದನ್ನೇ ಬರೆಯಬೇಕು! «ಬಾಳಿಗೆ ಬೆಳಕು» ಎಲ್ಲರೂ ಬರೆಯುತ್ತಾರೆ. ನಿಮಿಷಕ್ಕೆ 42 ಹನಿ ನೀವು ಮಾತ್ರ ಬರೆಯಬಲ್ಲಿರಿ. ಒಂದೇ ಎಚ್ಚರ, ರೋಗಿಯ ಹೆಸರು, ಕಾಯಿಲೆ, ಹಾಸಿಗೆ ಸಂಖ್ಯೆ ಏನೂ ಬರಬಾರದು.

ಕನ್ನಡದ ಪತ್ರ ಹೀಗಿರಲಿ:

«ಗೌರವಾನ್ವಿತ … ಅವರಿಗೆ,
ನಮಸ್ಕಾರಗಳು.
ತಮ್ಮ ತಾಯಿಯವರ ನೆನಪಿನಲ್ಲಿ ನೀಡುವ ವಿದ್ಯಾರ್ಥಿವೇತನ ಈ ವರ್ಷ ನನಗೆ ದೊರೆತಿದೆ. ತಮಗೂ ತಮ್ಮ ಮನೆಯವರಿಗೂ ನನ್ನ ಮತ್ತು ನನ್ನ ತಾಯಿಯ ಕೃತಜ್ಞತೆಗಳು.

ನಾನು ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಊರು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿದೆ. ತಂದೆ ಇಲ್ಲ. ತಾಯಿ ಭತ್ತದ ಗದ್ದೆಗಳಲ್ಲಿ ದಿನಗೂಲಿ ಮಾಡುತ್ತಾರೆ. ವಿದ್ಯಾರ್ಥಿವೇತನದ 45,000 ರೂಪಾಯಿಯಲ್ಲಿ 28,000 ಕಾಲೇಜು ಶುಲ್ಕಕ್ಕೆ, 12,000 ಹಾಸ್ಟೆಲಿಗೆ, ಉಳಿದ 5,000 ಪುಸ್ತಕ ಮತ್ತು ಯೂನಿಫಾರ್ಮಿಗೆ ಖರ್ಚಾಯಿತು. ಇದರಿಂದ ಈ ವರ್ಷ ಶುಲ್ಕಕ್ಕಾಗಿ ಸಾಲ ಮಾಡಬೇಕಾಗಲಿಲ್ಲ.

ಈ ವರ್ಷ ವಾರ್ಡಿನಲ್ಲಿ ಕಲಿಯಲು ಆರಂಭಿಸಿದ್ದೇವೆ. ಡ್ರಿಪ್ ಬಾಟಲಿಯ ಹನಿಗಳನ್ನು ಗಡಿಯಾರ ನೋಡಿ ಎಣಿಸಿ ಸರಿಹೊಂದಿಸುವುದನ್ನು ಕಲಿತೆ. 500 ಮಿಲಿ ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ ನಮ್ಮ ಸೆಟ್‌ನಲ್ಲಿ ನಿಮಿಷಕ್ಕೆ 42 ಹನಿ. ಮೊದಲ ಸಲ ಸರಿಯಾಗಿ ಬಂದಾಗ ತುಂಬಾ ಸಂತೋಷವಾಯಿತು.

ತಮ್ಮ ಆಶೀರ್ವಾದ ಇರಲಿ.
ವಂದನೆಗಳೊಂದಿಗೆ,»

ಸಾಲ ಮಾಡಬೇಕಾಗಲಿಲ್ಲ ಅನ್ನುವುದು ನಿಜವಲ್ಲದಿದ್ದರೆ ತೆಗೆದುಬಿಡಿ. ಅದು ನನ್ನ ಊಹೆ.

ಇನ್ನು ಇಂಗ್ಲಿಷ್. ಕನ್ನಡದ ಪತ್ರವನ್ನು ಮುಚ್ಚಿಟ್ಟು, ಸಂಗತಿಗಳನ್ನು ಮಾತ್ರ ಪಕ್ಕದಲ್ಲಿ ಬರೆದುಕೊಂಡು ಹೊಸದಾಗಿ ಬರೆಯಿರಿ. ಎದುರಿಗಿಟ್ಟುಕೊಂಡು ಬರೆದರೆ ಕನ್ನಡದ ಗೌರವ ಇಂಗ್ಲಿಷಿಗೆ ನುಗ್ಗುತ್ತದೆ. ನಮಗೆ «ತಾವು, ತಮ್ಮ, ತಾಯಿಯವರು, ಮಾಡುತ್ತಾರೆ» ಅನ್ನುವ ಪದಗಳಲ್ಲೇ ಮರ್ಯಾದೆ ಕೂತಿದೆ. ಇಂಗ್ಲಿಷಿನಲ್ಲಿ ಬರೀ «ಯು» ಇರುವುದರಿಂದ ಮರ್ಯಾದೆ ಕಡಿಮೆಯಾಯಿತು ಅನ್ನಿಸಿ ಜನ «ಕೈಂಡ್ ಸೆಲ್ಫ್», «ಗ್ರೇಟ್ ಪರ್ಸನ್» ಅಂತ ತುಂಬುತ್ತಾರೆ. ಬೇಡ. ಆ ಭಾಷೆಯಲ್ಲಿ ಮರ್ಯಾದೆ ಇರುವುದು ಹೆಸರು ಹಿಡಿದು ಕರೆಯುವುದರಲ್ಲಿ, ಸಂಗತಿಯನ್ನು ನೇರ ಹೇಳುವುದರಲ್ಲಿ.

ಇಂಗ್ಲಿಷ್ ಸಾಲುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಹಾಕುತ್ತೇನೆ, ನೀವು ರೋಮನ್‌ನಲ್ಲಿ ಬರೆದುಕೊಳ್ಳಿ:

«ಡಿಯರ್ ಮಿಸ್ಟರ್ …,
ಥ್ಯಾಂಕ್ ಯು ಫಾರ್ ದ ಸ್ಕಾಲರ್‌ಶಿಪ್ ಯು ಗಿವ್ ಇನ್ ಮೆಮೊರಿ ಆಫ್ ಯುವರ್ ಮದರ್. ಐ ಆಮ್ ಗ್ರೇಟ್‌ಫುಲ್ ಟು ಹ್ಯಾವ್ ರಿಸೀವ್ಡ್ ಇಟ್ ದಿಸ್ ಇಯರ್, ಅಂಡ್ ಸೋ ಈಸ್ ಮೈ ಮದರ್.

ಐ ಆಮ್ ಇನ್ ದ ಸೆಕೆಂಡ್ ಇಯರ್ ಆಫ್ ಎ ಫೋರ್-ಇಯರ್ ನರ್ಸಿಂಗ್ ಡಿಗ್ರಿ. ಐ ಕಮ್ ಫ್ರಮ್ ಎ ವಿಲೇಜ್ ನಿಯರ್ ಸಿಂಧನೂರ್, ಇನ್ ದ ರೈಸ್-ಗ್ರೋಯಿಂಗ್ ಪಾರ್ಟ್ ಆಫ್ ನಾರ್ತ್ ಕರ್ನಾಟಕ. ಮೈ ಫಾದರ್ ಈಸ್ ನೋ ಲಾಂಗರ್ ಲಿವಿಂಗ್, ಅಂಡ್ ಮೈ ಮದರ್ ವರ್ಕ್ಸ್ ಇನ್ ದ ಪ್ಯಾಡಿ ಫೀಲ್ಡ್ಸ್ ಫಾರ್ ಡೇಲಿ ವೇಜಸ್.»

ಎರಡನ್ನೂ ಹೋಲಿಸಿ ನೋಡಿ. ಇಂಗ್ಲಿಷಿನಲ್ಲಿ «ನಾಲ್ಕು ವರ್ಷದ ಡಿಗ್ರಿ» ಸೇರಿದೆ, ಯಾಕೆಂದರೆ ಎರಡನೇ ವರ್ಷ ಅಂದರೆ ಇನ್ನೆಷ್ಟು ಉಳಿದಿದೆ ಅಂತ ಆ ಮಕ್ಕಳಿಗೆ ತಿಳಿಯದು. «ರಾಯಚೂರು ಜಿಲ್ಲೆ, ಸಿಂಧನೂರು ತಾಲ್ಲೂಕು» ತುಮಕೂರಿನವರಿಗೆ ನಕಾಶೆಯಂತೆ ಕೆಲಸ ಮಾಡುತ್ತದೆ. ಮಕ್ಕಳಿಗೆ ತಾಲ್ಲೂಕು ಅಂದರೆ ಏನೆಂದೇ ಗೊತ್ತಿಲ್ಲ, ಹಾಗಾಗಿ ಭತ್ತ ಬೆಳೆಯುವ ಉತ್ತರ ಕರ್ನಾಟಕ ಅಂತ ಬಂತು. ಹಣದ ಲೆಕ್ಕ ಮತ್ತು 42 ಹನಿಯ ಸಾಲು ಹೆಚ್ಚುಕಡಿಮೆ ಹಾಗೇ ದಾಟುತ್ತವೆ. ಡಾಲರ್‌ಗೆ ಪರಿವರ್ತಿಸಬೇಡಿ, ದರ ದಿನಾ ಬದಲಾಗುತ್ತದೆ, ಲೆಕ್ಕ ತಾಳೆಯಾಗುವುದಿಲ್ಲ.

«ಆಶೀರ್ವಾದ ಇರಲಿ» ಮಾತ್ರ ದಾಟುವುದಿಲ್ಲ. ಕಿರಿಯರು ಹಿರಿಯರಲ್ಲಿ ಕೇಳುವ ಆ ಮಾತು ಇಂಗ್ಲಿಷಿನಲ್ಲಿ «ಬ್ಲೆಸಿಂಗ್ಸ್» ಆದರೆ ಚರ್ಚಿನ ಧ್ವನಿ ಬರುತ್ತದೆ. ಅಲ್ಲಿ «ವಿತ್ ಮೈ ಗುಡ್ ವಿಶಸ್ ಟು ಯು ಅಂಡ್ ಯುವರ್ ಫ್ಯಾಮಿಲಿ» ಅಂತ ಮುಗಿಸಿ. ಕೆಳಗೆ «ಯುವರ್ಸ್ ಸಿನ್ಸಿಯರ್ಲಿ». ಹೆಸರು ಹಿಡಿದು ಆರಂಭಿಸಿದ ಪತ್ರಕ್ಕೆ ಅದು, «ಡಿಯರ್ ಸರ್» ಅಂದಿದ್ದರೆ «ಫೇತ್‌ಫುಲಿ». «ಒಬೀಡಿಯೆಂಟ್ಲಿ» ಯಾವುದಕ್ಕೂ ಬೇಡ.

ನಿವೃತ್ತ_ಹೆಡ್‌ಮಾಸ್ತರ್
80ಜಿ ವಿಷಯ ತಿದ್ದಿದ್ದಕ್ಕೆ ಟ್ರಸ್ಟ್‌ನವರಿಗೆ ವಂದನೆ. ಆದರೆ «ವಿಧೇಯ» ತೆಗೆದದ್ದು ಒಪ್ಪಲಾರೆ, ಕನ್ನಡದಲ್ಲಿ ಅದು ಇರಬೇಕು. ಮತ್ತೆ, ಮಿಸ್ಟರ್ ಜೊತೆ ಯಾವ ಹೆಸರು? ನಮ್ಮಲ್ಲಿ ಇನಿಷಿಯಲ್ ಊರಿನದು, ತಂದೆಯದು. ಸರ್‌ನೇಮೇ ಇಲ್ಲ.

ಅನುವಾದದಂಗಡಿ
ಒಳ್ಳೆಯ ಪ್ರಶ್ನೆ. ಹಳೇ ಮೈಸೂರು ಕಡೆಯ ಹೆಸರಿನಲ್ಲಿ ಎರಡು ಇನಿಷಿಯಲ್, ಆಮೇಲೆ ಸ್ವಂತ ಹೆಸರು ಇದ್ದರೆ ಮಿಸ್ಟರ್ ಜೊತೆ ಆ ಸ್ವಂತ ಹೆಸರೇ ಹೋಗುತ್ತದೆ. ಆದರೆ ಅಮೆರಿಕದಲ್ಲಿ ನೆಲೆಸಿದವರು ಎಷ್ಟೋ ಸಲ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಕೊನೆಗೆ ಹಾಕಿಕೊಂಡಿರುತ್ತಾರೆ. ಆಗ ಅದೇ ಸರ್‌ನೇಮು. ವೈದ್ಯರೋ ಪ್ರೊಫೆಸರರೋ ಆಗಿದ್ದರೆ «ಡಾಕ್ಟರ್» ಅನ್ನಬೇಕು. ಟ್ರಸ್ಟಿಗೆ ಒಂದು ಫೋನ್ ಮಾಡಿ ಕೇಳುವುದೇ ಸರಿ. ಹೆಸರು ಗೋಪ್ಯ ಅಂದರೆ «ಡಿಯರ್ ಡೋನರ್» ಸಾಕು.

«ವಿಧೇಯ» ಅಂದರೆ ಹೇಳಿದ ಮಾತು ಕೇಳುವವಳು ಅಂತ. ಮೇಷ್ಟ್ರಿಗೆ ಹಾಗೆ ಬರೆಯಬಹುದು. ಹಣ ಕೊಟ್ಟವರಿಗೆ ಬರೆಯುವುದು ನನಗೆ ಹಿಡಿಸದು. ನಿಮ್ಮ ಅಭಿಪ್ರಾಯ ನಿಮಗೆ.

ಅಕ್ಷರಜೋಡಣೆ
ಪತ್ರ ಹೇಗೆ ಟೈಪ್ ಮಾಡುತ್ತೀರಿ? ಡಿಟಿಪಿ ಅಂಗಡಿಗೆ ಕೊಟ್ಟರೆ ಬಹಳ ಕಡೆ ಇನ್ನೂ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲೇ ಹೊಡೆಯುತ್ತಾರೆ. ಆ ವರ್ಡ್ ಫೈಲನ್ನು ಹಾಗೇ ಕಳಿಸಿದರೆ ಅಲ್ಲಿಯ ಕಂಪ್ಯೂಟರಿನಲ್ಲಿ ಫಾಂಟ್ ಇರುವುದಿಲ್ಲ, ಇಡೀ ಪುಟ ಚುಕ್ಕೆ ಕೊಂಬು ಇರುವ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿ ಕಾಣುತ್ತದೆ. ಆದರೆ ಟ್ರಸ್ಟ್‌ನವರು ವಾರ್ಷಿಕ ವರದಿಗೆ ಎರಡು ಸಾಲು ಕಾಪಿ ಮಾಡಲು ಹೋದರೆ ಮತ್ತೆ ಅದೇ ರಾಶಿ. ಯೂನಿಕೋಡ್‌ನಲ್ಲೇ ಹೊಡೆಸಿ, ಪಿಡಿಎಫ್ ಮಾಡಿಸಿ, ಎರಡೂ ಫೈಲ್ ಇಸಿದುಕೊಳ್ಳಿ. ಅಂಗಡಿಯಲ್ಲಿ ಪರೀಕ್ಷಿಸುವುದು ಸುಲಭ: ಒಂದು ಸಾಲನ್ನು ಕಾಪಿ ಮಾಡಿ ನಿಮ್ಮ ವಾಟ್ಸಾಪಿಗೆ ಹಾಕಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್.

ಜ್ವಾಳದ_ರೊಟ್ಟಿ
ಟೈಪ್ ಯಾಕ ಬೇಕರೀ? ಕನ್ನಡದ್ದು ಕೈಲೇ ಬರೀಲಿ, ಇಂಗ್ಲಿಷ್ ಟೈಪ್ ಮಾಡಲಿ. ಕೈಬರಹ ಓದೋದರಾಗ ಬ್ಯಾರೆ ಖುಷಿ ಅದ. ಗೆರಿ ಇಲ್ಲದ ಎ4 ಹಾಳಿ, ನೀಲಿ ಇಲ್ಲಾ ಕಪ್ಪು ಶಾಯಿ, ಎಡಕ್ಕ ಎರಡು ಬೆರಳು ಜಾಗ.

ಟ್ರಸ್ಟ್_ಕಡತ
ಕೈಬರಹ ದಾನಿಗಳಿಗೆ ಇಷ್ಟ, ನಿಜ. ಕಚೇರಿಗೆ ಸ್ವಲ್ಪ ಕಷ್ಟ. ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ, ಅರ್ಧ ಪುಟದ ಮೇಲೆ ಕೈಯ ನೆರಳು ಬಿದ್ದ ಫೋಟೋ ಬರುತ್ತದೆ. ಕೈಯಲ್ಲಿ ಬರೆಯುವುದಾದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಮೂಲ ಕಾಗದವನ್ನೂ ಅಂಚೆಯಲ್ಲಿ ಕಳಿಸಿ. ಕೆಲವು ಟ್ರಸ್ಟ್‌ಗಳು ಟೈಪ್ ಮಾಡಿದ್ದನ್ನೇ ಕೇಳುತ್ತವೆ, ನಿಮ್ಮದು ಯಾವುದೆಂದು ಮೊದಲು ನೋಡಿ.

ಅಕ್ಷರಜೋಡಣೆ
ಕೈಬರಹ ಸುಂದರ ಇದ್ದರೆ ಸರಿ. ಕೋಳಿಕಾಲು ಅಕ್ಷರವಾದರೆ ವಿದೇಶದಲ್ಲಿ ಮೂವತ್ತು ವರ್ಷ ಕಳೆದವರು ಒತ್ತಕ್ಷರ ಬಿಡಿಸಲು ಪರದಾಡಬೇಕು. ನನ್ನ ಓಟು ಟೈಪಿಗೇ.

ತುಂಗಭದ್ರಾ_ದಂಡೆ
ಎಲ್ಲರಿಗೂ ತುಂಬಾ ಉಪಕಾರ. ಸಾಲದ ಮಾತು ನಿಜವೇ ಅಕ್ಕ, ಇಟ್ಟುಕೊಳ್ಳುತ್ತೇನೆ. ತಾಯಿಯ ಕೆಲಸದ ಸಾಲು ಇಡಬೇಕೋ ಬೇಡವೋ ಅಂತ ಯೋಚನೆ. ಅವ್ವ «ಅದನ್ಯಾಕ ಬರೀತಿ» ಅಂದಳು.

ಅನುವಾದದಂಗಡಿ
ಹಾಗಿದ್ದರೆ ತೆಗೆಯಿರಿ. ಪತ್ರಕ್ಕೆ ಏನೂ ಕೊರತೆಯಾಗುವುದಿಲ್ಲ. ಎರಡೂ ಪುಟದಿಂದ ತೆಗೆಯಲು ಮಾತ್ರ ಮರೆಯಬೇಡಿ.

ಜ್ವಾಳದ_ರೊಟ್ಟಿ
ನಾ ಆದ್ರ ಇಡತಿದ್ದೆ. ದುಡಿಯೋದು ನಾಚಿಕಿ ಮಾತಲ್ಲ.

ಟ್ರಸ್ಟ್_ಕಡತ
ಒಂದು ಬಿಟ್ಟುಹೋಯಿತು. ದಿನಾಂಕವನ್ನು 05/06 ಅಂತ ಅಂಕಿಯಲ್ಲಿ ಬರೆಯಬೇಡಿ. ನಮಗೆ ಅದು ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳನ್ನು ಅಕ್ಷರದಲ್ಲೇ ಹಾಕಿ.